ಮೂರು ಭರಣಿಲಿ ಚೆನ್ನಾಗಿ ಕಾಣ್ತಿದ್ದಿದ್ದೇ ಅಪಾಯದ್ದು: ಒಂದು ಉಪ್ಪಿನಕಾಯಿ ಪ್ರಕರಣ

ಅಕ್ಕ ಒಂದು ದಿನ ಬೆಳಿಗ್ಗೆ ಮೂರು ಭರಣಿ ಫೋಟೋ ಕಳಿಸಿ "ಇದ್ರಲ್ಲಿ ಯಾವುದು ಚೆಲ್ಲಲಿ ಹೇಳೇ" ಅಂತ ಕೇಳಿದ್ಲು. ಮೊದಲನೇದು ಹೋದ ಸಲ ಹಾಕಿದ ಹಳೇ ಉಪ್ಪಿನಕಾಯಿ, ಎಂಟು ತಿಂಗಳಾಗಿತ್ತು, ಕ್ಯಾರೆಟ್ ಎಲ್ಲಾ ಕಂದು ಬಣ್ಣಕ್ಕೆ ತಿರುಗಿ ನೋಡೋಕೆ ಏನೂ ಚೆಂದ ಇರ್ಲಿಲ್ಲ. ಎರಡನೇದು ಈ ಸಲ ಹಾಕಿದ್ದರಲ್ಲಿ ಚಿಕ್ಕ ಭರಣಿ, ಮೇಲೆ ಬಿಳಿ ಹಸಿರು ಬೂಷ್ಟು ಬಂದಿತ್ತು. ಮೂರನೇದು ಅದೇ ದಿನ ಅದೇ ಪಾತ್ರೆಯಿಂದ ತುಂಬಿದ ದೊಡ್ಡ ಭರಣಿ, ಮೇಲೆ ಎರಡು ಬೆರಳಿನಷ್ಟು ಎಣ್ಣೆ ನಿಂತಿದೆ, ಬಣ್ಣ ಫಳಫಳ, ಒಂದು ಚುಕ್ಕೆ ಬೂಷ್ಟಿಲ್ಲ. ಅಕ್ಕನ ಪ್ರಕಾರ ಚಿಕ್ಕದನ್ನ ಚೆಲ್ಲಬೇಕು, ಹಳೇದು ಡೌಟು, ದೊಡ್ಡದು ಸೂಪರ್. ನಾನು ಒಂದೆರಡು ಪ್ರಶ್ನೆ ಕೇಳಿದ ಮೇಲೆ ಹೇಳಿದ್ದು ಬೇರೆ: ಹಳೇದು ಆರಾಮಾಗಿ ತಿನ್ನು, ಚಿಕ್ಕದನ್ನ ಚೆಲ್ಲು, ಆದ್ರೆ ಅದಕ್ಕಿಂತ ಮುಂಚೆ ಆ ದೊಡ್ಡ ಭರಣಿನ ಯಾರ ಕೈಗೂ ಸಿಗದ ಹಾಗೆ ಎತ್ತಿಡು, ರುಚಿ ನೋಡೋಕೂ ಬೆರಳು ಅದ್ದಬೇಡ.

ಅಕ್ಕನಿಗೆ ಸಿಟ್ಟು ಬಂತು. ಬರೋದೇ ತಾನೆ, ಮೂರರಲ್ಲಿ ಕಣ್ಣಿಗೆ ಚೆನ್ನಾಗಿರೋದು ಅದೊಂದೇ. ನಾನು ಕೆಲವು ವರ್ಷ ಆಹಾರ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ ಮಾಡಿದೀನಿ, ಹುಳಿ ಎಷ್ಟಿದೆ ಅಂತ ಅಳೆಯೋ ಪಿಎಚ್ ಮೀಟರ್ ಒಂದು ಮನೇಲೇ ಇದೆ, ಹಾಗಾಗಿ ಮೂರೂ ಭರಣಿ ತಗೊಂಡು ಬಾ, ಬಾಯಲ್ಲಿ ಹೇಳೋ ಬದಲು ಅಳೆದೇ ತೋರಿಸ್ತೀನಿ ಅಂದೆ. ಅವತ್ತು ನಾವು ನೋಡಿದ್ದನ್ನ ಇಲ್ಲಿ ಪೂರ್ತಿ ಬರೀತಿದೀನಿ, ಯಾಕಂದ್ರೆ ಅಕ್ಕ ಮಾಡಿದ ತಪ್ಪು ತುಂಬಾ ಜನ ಮಾಡೋ ತಪ್ಪೇ: ಉಪ್ಪು ಕಮ್ಮಿ ಮಾಡಿ, ಹುಳಿ ಕಮ್ಮಿ ಮಾಡಿ, "ಅದಕ್ಕೇನು, ಎಣ್ಣೆ ಜಾಸ್ತಿ ಹಾಕಿದ್ರೆ ಕೆಡಲ್ಲ" ಅಂದ್ಕೊಳ್ಳೋದು.

ಮೊದಲು ಏನೇನು ಹಾಕಿದ್ಲು ಅಂತ. ಎರಡು ಸಲವೂ ತರಕಾರಿ ಒಟ್ಟು 1 ಕೆಜಿ, ಅದರಲ್ಲಿ ಕ್ಯಾರೆಟ್ 600 ಗ್ರಾಂ, ಸುಲಿದ ಬೆಳ್ಳುಳ್ಳಿ 200 ಗ್ರಾಂ, ಹಸಿಮೆಣಸಿನಕಾಯಿ 200 ಗ್ರಾಂ. ಹೋದ ಸಲ 150 ಗ್ರಾಂ ಉಪ್ಪು, 150 ಎಂಎಲ್ ನಿಂಬೆ ರಸ ಹಾಕಿ, ಎರಡು ದಿನ ಹಾಗೇ ಬಿಟ್ಟು, ಆಮೇಲೆ ಎಣ್ಣೆ ಕಾಯಿಸಿ ಆರಿಸಿ ಹಾಕಿದ್ಲು. ಈ ಸಲ ಭಾವನಿಗೆ ಬಿಪಿ ಅಂತ ಉಪ್ಪು 40 ಗ್ರಾಮಿಗೆ ಇಳೀತು, ಹೋದ ಸಲ ಹುಳಿ ಜಾಸ್ತಿ ಆಯ್ತು ಅಂತ ಮಗ ಗೊಣಗಿದ್ದಕ್ಕೆ ಒಂದೇ ಒಂದು ನಿಂಬೆಹಣ್ಣು, ಅಂದ್ರೆ ಸುಮಾರು 30 ಎಂಎಲ್ ರಸ. ಜೊತೆಗೆ ಇನ್ನೊಂದು ಬದಲಾವಣೆ, ಅಕ್ಕ ಇದನ್ನ ಹೇಳೋದೇ ಮರೆತಿದ್ಲು, ನಾನು ಕೆದಕಿ ಕೇಳಿದ ಮೇಲೆ ಬಂತು: ಹೋಳುಗಳನ್ನ ಮೊದಲು ಎಣ್ಣೇಲಿ ಮೂರ್ನಾಲ್ಕು ನಿಮಿಷ ಬಾಡಿಸಿ, ಆಮೇಲೆ ಉಪ್ಪು, ಖಾರ, ನಿಂಬೆ ರಸ ಹಾಕಿ ಕಲಸಿ, ತಕ್ಷಣ ಭರಣಿಗೆ ತುಂಬಿ ಮೇಲೆ ಎಣ್ಣೆ ಸುರಿದಿದ್ದಾಳೆ. ದೊಡ್ಡ ಭರಣಿಗೇ ಎಣ್ಣೆ ಎಲ್ಲಾ ಖಾಲಿಯಾಯ್ತು, ಚಿಕ್ಕದಕ್ಕೆ ಸಾಲದೆ ಹೋಳುಗಳು ಮೇಲೆ ತಲೆ ಎತ್ಕೊಂಡೇ ಇದ್ವು. ಎರಡನ್ನೂ ಅಡುಗೆಮನೆ ಶೆಲ್ಫಲ್ಲಿ ಇಟ್ಟಿದ್ದಾಳೆ. ಐದನೇ ದಿನ ಚಿಕ್ಕದರಲ್ಲಿ ಬಿಳಿ ಚುಕ್ಕೆ, ಎಂಟನೇ ದಿನಕ್ಕೆ ಹಸಿರು ತುಪ್ಪಟ. ದೊಡ್ಡದರಲ್ಲಿ ಹತ್ತನೇ ದಿನ ಮುಚ್ಚಳ ತಿರುಗಿಸಿದಾಗ ಟುಸ್ ಅಂತ ಸದ್ದು, ಎಣ್ಣೆ ಒಳಗಿಂದ ಒಂದೊಂದೇ ಗುಳ್ಳೆ ಮೇಲೆ ಬರ್ತಿತ್ತು. ಅಕ್ಕ ಅದನ್ನ "ಚೆನ್ನಾಗಿ ಕಳೀತಾ ಇದೆ" ಅಂತ ಅರ್ಥ ಮಾಡ್ಕೊಂಡಿದ್ಲು.

ಈಗ ಉಪ್ಪಿಂದ ಶುರು ಮಾಡೋಣ. ಉಪ್ಪು ಸೂಕ್ಷ್ಮಜೀವಿಗಳನ್ನ ವಿಷ ಹಾಕಿ ಸಾಯಿಸೋ ಹಾಗೆ ಸಾಯಿಸಲ್ಲ, ಅದು ನೀರು ಸಿಗದ ಹಾಗೆ ಮಾಡುತ್ತೆ. ಕ್ಯಾರೆಟ್ ಬಿಲ್ಲೆ ಮೇಲೆ ಉಪ್ಪು ಉದುರಿಸಿ ಎರಡು ಗಂಟೆ ಬಿಟ್ಟು ನೋಡಿ, ಪಟ್ ಅಂತ ಮುರೀತಿದ್ದ ಬಿಲ್ಲೆ ಬಾಗಿಸಿದ್ರೆ ಚರ್ಮದ ಪಟ್ಟಿ ಥರ ಬಾಗುತ್ತೆ, ಪಾತ್ರೆ ತಳದಲ್ಲಿ ನೀರು ನಿಂತಿರುತ್ತೆ. ಒಳಗಿನ ನೀರು ಹೊರಗೆ ಬಂತು, ನಿಧಾನಕ್ಕೆ ಉಪ್ಪು ಒಳಗೆ ಹೋಗ್ತಿದೆ. ಬ್ಯಾಕ್ಟೀರಿಯಾಗೂ ಆಗೋದು ಹೆಚ್ಚುಕಮ್ಮಿ ಇದೇ, ಅದರ ಜೀವಕೋಶದ ನೀರೂ ಹೀಗೇ ಹೊರಗೆ ಎಳ್ಕೊಂಡು ಹೋಗುತ್ತೆ, ಬೆಳೆಯೋಕಾಗಲ್ಲ. ಇಲ್ಲಿ ಲೆಕ್ಕಕ್ಕೆ ಬರೋದು ತರಕಾರಿ ತೂಕಕ್ಕೆ ಎಷ್ಟು ಉಪ್ಪು ಅನ್ನೋದಲ್ಲ, ಒಳಗಿರೋ ಒಟ್ಟು ನೀರಿಗೆ ಎಷ್ಟು ಉಪ್ಪು ಅನ್ನೋದು. ಅಕ್ಕನ 1 ಕೆಜಿ ತರಕಾರಿಲಿ ನೀರೇ ಸುಮಾರು 820 ಗ್ರಾಂ ಇರುತ್ತೆ (ಕ್ಯಾರೆಟ್, ಮೆಣಸಿನಕಾಯಿ ನೂರಕ್ಕೆ 88 ಭಾಗ ನೀರು, ಬೆಳ್ಳುಳ್ಳಿ ಸುಮಾರು 60). ಹೋದ ಸಲ ಇದಕ್ಕೆ ನಿಂಬೆ ರಸದ ನೀರು ಸೇರಿ 960 ಗ್ರಾಂ ಆಯ್ತು, ಅದರಲ್ಲಿ 150 ಗ್ರಾಂ ಉಪ್ಪು ಕರಗಿದ್ರೆ ಆ ದ್ರಾವಣ ಶೇಕಡ 13.5. ಈ ಸಲ 850 ಗ್ರಾಂ ನೀರು, 40 ಗ್ರಾಂ ಉಪ್ಪು, ಅಂದ್ರೆ ಶೇಕಡ 4.5.

ಆಹಾರದ ಲ್ಯಾಬಲ್ಲಿ ಜೀವಿಗಳ ಕೈಗೆ ಸಿಗೋ ನೀರಿನ ಅಳತೆನ ವಾಟರ್ ಆಕ್ಟಿವಿಟಿ ಅಂತಾರೆ, ಶುದ್ಧ ನೀರಿಗೆ 1, ಉಪ್ಪು ಜಾಸ್ತಿ ಆದಷ್ಟೂ ಕೆಳಗಿಳಿಯುತ್ತೆ, ನೀರಲ್ಲಿ ಇನ್ನು ಕರಗೋದೇ ಇಲ್ಲ ಅನ್ನೋಷ್ಟು ಉಪ್ಪು ಹಾಕಿದ್ರೆ 0.75ಕ್ಕೆ ಬಂದು ನಿಲ್ಲುತ್ತೆ. ಹಳೇ ಭರಣಿಯದ್ದು ಲೆಕ್ಕದಲ್ಲಿ ಸುಮಾರು 0.90, ಹೊಸದು 0.97. ನೋಡೋಕೆ ಇಷ್ಟೇನಾ ವ್ಯತ್ಯಾಸ ಅನ್ಸುತ್ತೆ, ಆದ್ರೆ ಆಟ ನಡೆಯೋದೇ ಈ ಸಣ್ಣ ಜಾಗದಲ್ಲಿ. ಉಪ್ಪಿನಕಾಯಿಲಿ ಹೆದರಬೇಕಾದ ಮುಖ್ಯ ಜೀವಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನೋ ವಿಷ ಮಾಡೋ ಬ್ಯಾಕ್ಟೀರಿಯಾ, ಮಣ್ಣಲ್ಲಿರುತ್ತೆ, ಕ್ಯಾರೆಟ್ ಬೆಳ್ಳುಳ್ಳಿ ಎರಡೂ ಮಣ್ಣೊಳಗೇ ಬೆಳೆಯೋವು. ಇದರ ಶಾಖಕ್ಕೆ ಬಗ್ಗದ ತಳಿಗಳು ನೀರಲ್ಲಿ ಶೇಕಡ 10ರಷ್ಟು ಉಪ್ಪಿದ್ರೆ ಬೆಳೆಯಲ್ಲ, ವಾಟರ್ ಆಕ್ಟಿವಿಟಿಲಿ ಹೇಳೋದಾದ್ರೆ 0.94ರ ಕೆಳಗೆ ಆಗಲ್ಲ. ಹಳೇ ಭರಣಿ ಆ ಗೆರೆಯಿಂದ ಈಚೆಗಿದೆ, ಹೊಸವು ಆಚೆಗೆ, ಅದೂ ತುಂಬಾ ಆಚೆಗೆ.

ಹಾಗಂತ ಉಪ್ಪೊಂದೇ ಸಾಕಾ ಅಂದ್ರೆ ಸಾಲಲ್ಲ. ಸ್ಟೆಫಿಲೊಕಾಕಸ್ ಆರಿಯಸ್ ಅಂತ ನಮ್ಮ ಕೈ ಮೂಗಲ್ಲೇ ಇರೋ ಒಂದು ಬ್ಯಾಕ್ಟೀರಿಯಾ ಇದೆ, ಗಾಳಿ ಸಿಕ್ಕಿದ್ರೆ 0.86ರವರೆಗೂ ಜಗ್ಗಲ್ಲ. ಅಂದ್ರೆ ಹೋದ ಸಲದ 150 ಗ್ರಾಂ ಉಪ್ಪೊಂದೇ ಅದನ್ನ ತಡೆಯೋಕೆ ಸಾಲಲ್ಲ. ಉಪ್ಪೊಂದರಿಂದಲೇ ಎಲ್ಲಾ ನಿಲ್ಲಿಸ್ತೀನಿ ಅಂತ ಹೊರಟ್ರೆ ಬಾಯಿಗಿಡೋಕೆ ಆಗದಷ್ಟು ಹಾಕಬೇಕು. ಅಲ್ಲಿಗೇ ಹುಳಿ ಬರೋದು.

ಹುಳಿಯ ಕೆಲಸ ಬೇರೆ ರೀತಿ. ನಿಂಬೆಯ ಸಿಟ್ರಿಕ್ ಆಸಿಡ್, ವಿನೆಗರಿನ ಅಸಿಟಿಕ್ ಆಸಿಡ್, ತರಕಾರಿ ಹುದುಗಿದಾಗ ಬರೋ ಲ್ಯಾಕ್ಟಿಕ್ ಆಸಿಡ್, ಇವೆಲ್ಲಾ ರಸದ ಪಿಎಚ್ ಇಳಿಸ್ತವೆ, ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ ಅಂತ ಅರ್ಥ, ಅದು ಒಂದು. ಅದರ ಜೊತೆ ಇನ್ನೊಂದಿದೆ: ಆಸಿಡ್ಡಿನ ಕಣಗಳಲ್ಲಿ ಒಡೆಯದೆ ಇಡಿಯಾಗಿ ಉಳಿದವು ಬ್ಯಾಕ್ಟೀರಿಯಾದ ಗೋಡೆ ದಾಟಿ ಒಳಗೆ ನುಗ್ತವೆ, ಒಳಗೆ ಹೋಗಿ ಒಡೆದು ಅಲ್ಲೇ ಹುಳಿ ಮಾಡ್ತವೆ. ಬ್ಯಾಕ್ಟೀರಿಯಾ ಆ ಹುಳಿನ ಹೊರಗೆ ಹಾಕೋದರಲ್ಲೇ ತನ್ನ ಶಕ್ತಿ ಎಲ್ಲಾ ಕಳ್ಕೊಳ್ಳುತ್ತೆ, ಬೆಳೆಯೋಕೆ ಏನೂ ಉಳಿಯಲ್ಲ. ಅದಕ್ಕೇ ಒಂದೇ ಪಿಎಚ್ ಇದ್ರೂ ವಿನೆಗರ್ ನಿಂಬೆಗಿಂತ ಗಟ್ಟಿ ಕಾವಲು, ಅಸಿಟಿಕ್ ಆಸಿಡ್ಡಲ್ಲಿ ಹೀಗೆ ಇಡಿಯಾಗಿ ಉಳಿಯೋ ಪಾಲು ಜಾಸ್ತಿ. ರುಚಿ ದೃಷ್ಟಿಯಿಂದ ನನಗೆ ನಿಂಬೆನೇ ಇಷ್ಟ, ಅದು ಬೇರೆ ಮಾತು.

ನೆನಪಿಡಬೇಕಾದ ಸಂಖ್ಯೆ ಒಂದೇ, 4.6. ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗಿದ್ರೆ ಬೊಟುಲಿನಂ ಬೆಳೆಯಲ್ಲ, ವಿಷ ಮಾಡಲ್ಲ. ನಿಂಬೆ ರಸದ ಪಿಎಚ್ 2ರಿಂದ 2.6 ಒಳಗೆ, ಕ್ಯಾರೆಟ್ದು ಸುಮಾರು 6, ಬೆಳ್ಳುಳ್ಳಿದೂ ಹತ್ತಿರ ಹತ್ತಿರ ಅಷ್ಟೇ. ತರಕಾರಿ ತಾನಾಗೇ ಹುಳಿ ಇರೋ ಕಾಯಿ ಆಗಿದ್ರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತೆ, ನಿಂಬೆಹಣ್ಣಿನ ಉಪ್ಪಿನಕಾಯಿ ಕೆಡೋದು ಅಪರೂಪ ಅನ್ನೋದಕ್ಕೆ ಕಾರಣ ಅದು. ಕ್ಯಾರೆಟ್ ಬೆಳ್ಳುಳ್ಳಿ ಹಾಗಲ್ಲ, ಬೇಕಾದ ಹುಳಿನೆಲ್ಲಾ ನಾವೇ ಹೊರಗಿಂದ ಕೊಡಬೇಕು, ಮೇಲಾಗಿ ತರಕಾರಿಯ ರಸ ನಾವು ಹಾಕಿದ ಹುಳಿನ ಒಂದಿಷ್ಟು ನುಂಗಿ ಪಿಎಚ್ ಇಳಿಯದ ಹಾಗೆ ತಡೆಯುತ್ತೆ.

ಅಳತೆ ಮಾಡಿದ್ದು ಹೀಗೆ. ಮೀಟರನ್ನ ಪಿಎಚ್ 4 ಮತ್ತು 7 ಅಂತ ಮೊದಲೇ ಗೊತ್ತಿರೋ ಬಫರ್ ದ್ರಾವಣದಲ್ಲಿ ಸರಿ ಮಾಡ್ಕೊಂಡೆ. ಎಣ್ಣೆ ಮೆತ್ಕೊಂಡ್ರೆ ಮೀಟರಿನ ಗಾಜಿನ ತುದಿ ತಪ್ಪು ತೋರಿಸುತ್ತೆ, ಹಾಗಾಗಿ ಮೊದಲು ಎಣ್ಣೆ ಬಸಿದು, ಹೋಳುಗಳನ್ನ ಪೇಪರಲ್ಲಿ ಒತ್ತಿ ಒರೆಸಿ ಆಮೇಲೆ ರುಬ್ಬಿದೆ. (ಪಿಎಚ್ ಪಟ್ಟಿ ಉಪ್ಪಿನಕಾಯಿಗೆ ಕೆಲಸಕ್ಕೆ ಬರಲ್ಲ, ಅರಿಶಿನ ಖಾರದ ಬಣ್ಣ ಹತ್ಕೊಂಡು ಯಾವ ಬಣ್ಣ ಯಾರದ್ದು ಅಂತಲೇ ಗೊತ್ತಾಗಲ್ಲ.) ಹಳೇ ಭರಣಿ ರಸ 3.7, ಒಳಗಿನ ಬೆಳ್ಳುಳ್ಳಿ ಎಸಳು ಜಜ್ಜಿ ನೋಡಿದ್ರೆ 3.8. ಎರಡೂ ಒಂದೇ ಅನ್ನಿ, ಹುಳಿ ಎಸಳಿನ ನಡುವಿನವರೆಗೂ ಇಳಿದಿದೆ. ದೊಡ್ಡ ಭರಣಿ ರಸ 4.6, ಅಕ್ಕ ತಕ್ಷಣ "ನೋಡು, ನೀನೇ ಹೇಳಿದ ನಂಬರ್ ಬಂತಲ್ಲ" ಅಂದ್ಲು. ನಾನು ಏನೂ ಹೇಳದೆ ಅದರಿಂದ ನಾಲ್ಕು ಬೆಳ್ಳುಳ್ಳಿ ಎಸಳು ತೆಗೆದು ಜಜ್ಜಿ ಮೀಟರ್ ಇಟ್ಟೆ. 5.3.

ಈ ಪ್ರಕರಣದಲ್ಲಿ ನನ್ನ ದೃಷ್ಟಿಲಿ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ ಆ 5.3. ರಸಕ್ಕೂ ಎಸಳಿಗೂ ಇಷ್ಟು ವ್ಯತ್ಯಾಸ ಯಾಕೆ ಬಂತು ಅಂದ್ರೆ ಅಕ್ಕ ಮೊದಲು ಎಣ್ಣೇಲಿ ಬಾಡಿಸಿದ್ದಕ್ಕೆ. ಉಪ್ಪು ಮತ್ತು ಹುಳಿ ಎರಡೂ ನೀರಲ್ಲಿ ಕರಗಿ ನೀರಿನ ದಾರಿಲೇ ಹೋಳೊಳಗೆ ಹೋಗೋವು, ಎಣ್ಣೇಲಿ ಅವು ಕರಗಲ್ಲ. ಮೊದಲೇ ಎಣ್ಣೆ ಸವರಿಬಿಟ್ರೆ ಹೋಳಿಗೆ ರೇನ್‌ಕೋಟ್ ಹಾಕಿದ ಹಾಗೆ, ಆಮೇಲೆ ಹಾಕಿದ ಉಪ್ಪು ನಿಂಬೆ ರಸ ಹೊರಗೇ ಓಡಾಡ್ಕೊಂಡಿರುತ್ತೆ. ಅದರಲ್ಲೂ ಬೆಳ್ಳುಳ್ಳಿ ಇಡೀ ಎಸಳು, ಕತ್ತರಿಸಿಲ್ಲ, ಮೇಲೆ ನುಣ್ಣಗಿನ ಚರ್ಮ. ನಾಲಿಗೆಗೆ ರಸ ಉಪ್ಪುಪ್ಪು ಹುಳಿಹುಳಿ ಅನ್ಸುತ್ತೆ, ಎಸಳಿನ ನಡುವೆ ಮಾತ್ರ ಉಪ್ಪೂ ಇಲ್ಲ ಹುಳಿಯೂ ಇಲ್ಲ. ಬ್ಯಾಕ್ಟೀರಿಯಾಗೆ ಇಡೀ ಭರಣಿ ಬೇಕಿಲ್ಲ, ಅಂಥ ಒಂದು ಎಸಳು ಸಾಕು.

ಬಾಡಿಸಿದ್ದರಿಂದ ಆದ ಇನ್ನೊಂದು ಅನಾಹುತ ಹೇಳ್ತೀನಿ. ಹಸಿ ತರಕಾರಿ ಮೇಲೆ ಲ್ಯಾಕ್ಟಿಕ್ ಆಸಿಡ್ ಮಾಡೋ ಒಳ್ಳೇ ಬ್ಯಾಕ್ಟೀರಿಯಾ ಸಹಜವಾಗೇ ಇರ್ತವೆ, ಉಪ್ಪು ಶೇಕಡ 2ರಿಂದ 5ರ ಆಸುಪಾಸು ಇದ್ರೆ ಅವಕ್ಕೆ ಹಿತ, ಕೆಲವೇ ದಿನದಲ್ಲಿ ಪಿಎಚ್ ನಾಲ್ಕರ ಕೆಳಗೆ ತರ್ತವೆ. ಅಕ್ಕ ಹೊಸ ಲೆಕ್ಕದಲ್ಲೇ ಹಸಿ ತರಕಾರಿನ ಉಪ್ಪು ನೀರಲ್ಲಿ ಮುಳುಗಿಸಿ ಇಟ್ಟಿದ್ರೆ ಬಹುಶಃ ಹುದುಗಿ ತಾನೇ ಹುಳಿಯಾಗಿ ಉಳ್ಕೊಳ್ತಿತ್ತು. ಆದ್ರೆ ಬಿಸಿ ಎಣ್ಣೇಲಿ ಬಾಡಿಸಿದಾಗ ಆ ಒಳ್ಳೇವೆಲ್ಲಾ ಹೆಚ್ಚುಕಮ್ಮಿ ಸತ್ತುಹೋದ್ವು, ಬೊಟುಲಿನಂನ ಬೀಜಕಣಗಳು ಮಾತ್ರ ಸಾಯಲ್ಲ, ಅವು ಕುದಿಯೋ ನೀರಲ್ಲೇ ಬದುಕಿ ಉಳಿಯೋವು. ಪೈಪೋಟಿಗೆ ಯಾರೂ ಇಲ್ಲದ ಮನೆ ಬಿಟ್ಟುಕೊಟ್ಟ ಹಾಗಾಯ್ತು.

ಇನ್ನು ಎಣ್ಣೆ. ಎಣ್ಣೇಲಿ ನೀರಿಲ್ಲ, ಹಾಗಾಗಿ ಎಣ್ಣೆ ಒಳಗೆ ಏನೂ ಬೆಳೆಯಲ್ಲ, ಇದು ನಿಜ. ಆದ್ರೆ ಎಣ್ಣೆ ಕೆಳಗೆ ಇರೋದು ಎಣ್ಣೆ ಅಲ್ವಲ್ಲ, ನೀರು ತುಂಬಿದ ಕ್ಯಾರೆಟ್ಟು. ಎಣ್ಣೆ ಹೋಳೊಳಗಿನ ನೀರನ್ನ ಕಟ್ಟಿಹಾಕಲ್ಲ, ಪಿಎಚ್ ಇಳಿಸಲ್ಲ. ಅದು ಮಾಡೋ ಕೆಲಸ ಮುಖ್ಯವಾಗಿ ಒಂದೇ, ಗಾಳಿ ಕೆಳಗಿಳಿಯೋದನ್ನ ತಡೆಯೋದು. ಆ ಕೆಲಸಕ್ಕೆ ಬೆಲೆ ಇಲ್ಲ ಅಂತಲ್ಲ, ಯಾಕಂದ್ರೆ ಬೂಷ್ಟು ಅನ್ನೋದು ಉಪ್ಪಿಗೂ ಹುಳಿಗೂ ಹೆದರೋ ಜಾತಿ ಅಲ್ಲ, ಹಳೇ ಭರಣಿಯಷ್ಟು ಉಪ್ಪು, ಅಷ್ಟು ಹುಳಿ ಇದ್ರೂ ಕೆಲವು ಬೂಷ್ಟು ಆರಾಮಾಗಿ ಬೆಳೆಯುತ್ತೆ, ಅದಕ್ಕೆ ಬೇಕಾಗಿರೋದು ಗಾಳಿ. ಅಂದ್ರೆ ಕಾವಲು ಹಂಚಿಕೆ ಆಗಿದೆ, ಬ್ಯಾಕ್ಟೀರಿಯಾಗಳನ್ನ ಉಪ್ಪು ಹುಳಿ ಸೇರಿ ನೋಡ್ಕೊಳ್ತವೆ, ಅವೆರಡರ ಕೈಗೂ ಸಿಗದ ಬೂಷ್ಟನ್ನ ಎಣ್ಣೆ ನೋಡ್ಕೊಳ್ಳುತ್ತೆ. ಒಬ್ಬರ ಪಾಳಿ ಇನ್ನೊಬ್ಬರು ಮಾಡೋಕಾಗಲ್ಲ. ಉಪ್ಪು ಹುಳಿ ಕಮ್ಮಿ ಮಾಡಿ ಎಣ್ಣೆ ಜಾಸ್ತಿ ಹಾಕಿದಾಗ ಆಗೋದು ಏನಂದ್ರೆ, ಕಣ್ಣಿಗೆ ಕಾಣೋ ಶತ್ರು ಬರಲ್ಲ, ಕಾಣದೇ ಇರೋನಿಗೆ ಬಾಗಿಲು ತೆಗೀತೀವಿ. ಬೊಟುಲಿನಂಗೆ ಗಾಳಿ ಅಂದ್ರೆ ಆಗಲ್ಲ, ಎರಡು ಬೆರಳು ಎಣ್ಣೆ ಅದಕ್ಕೆ ಹೇಳಿ ಮಾಡಿಸಿದ ಸೂರು.

ಇದು ನಾನು ಹೆದರಿಸೋಕೆ ಹೇಳೋ ಕಥೆ ಅಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಲ್ಲಿ ಎಣ್ಣೇಲಿ ಇಟ್ಟ ಹೆಚ್ಚಿದ ಬೆಳ್ಳುಳ್ಳಿಯಿಂದ 36 ಜನಕ್ಕೆ ಬೊಟುಲಿಸಂ, ಅಂದ್ರೆ ಬೊಟುಲಿನಂ ವಿಷದಿಂದ ಬರೋ ಕಾಯಿಲೆ ಆಯ್ತು, ಆ ಬಾಟ್ಲಿಗಳನ್ನ ಫ್ರಿಜ್ಜಲ್ಲಿ ಇಡದೆ ಹೊರಗಿಟ್ಟಿದ್ರು. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅದೇ ಥರದ ಬೆಳ್ಳುಳ್ಳಿ ಎಣ್ಣೆಯಿಂದ ಮತ್ತೆ ಮೂರು ಜನ, ಆಮೇಲೆ ಅಲ್ಲಿನ ಆಹಾರ, ಔಷಧ ನಿಯಂತ್ರಿಸೋ ಸಂಸ್ಥೆ ಎಫ್‌ಡಿಎ ಇಂಥ ಪದಾರ್ಥಕ್ಕೆ ಆಸಿಡ್ ಸೇರಿಸಲೇಬೇಕು ಅಂತ ಮಾಡ್ತು. ಎರಡೂ ಕಡೆ ಬೆಳ್ಳುಳ್ಳಿ ಇತ್ತು, ಎಣ್ಣೆ ಇತ್ತು, ಸಾಕಷ್ಟು ಹುಳಿ ಇರ್ಲಿಲ್ಲ. ಅಕ್ಕನ ದೊಡ್ಡ ಭರಣಿಗೂ ಅದಕ್ಕೂ ಏನು ಫರಕು ಹೇಳಿ.

ದೊಡ್ಡ ಭರಣಿಲಿ ನಿಜವಾಗ್ಲೂ ವಿಷ ಇತ್ತಾ ಅಂದ್ರೆ, ಆ ಟೆಸ್ಟು ನಾನು ಮಾಡಿಸಿಲ್ಲ, ಮನೇಲಿ ಆಗೋದೂ ಅಲ್ಲ. ಗುಳ್ಳೆ ಬಂದಿದ್ದು ಯೀಸ್ಟಿಂದ ಇರಬಹುದು, ಖಾರದ ಪುಡಿ ಸಾಸಿವೆ ಪುಡಿ ಜೊತೆ ಬಂದ ಇನ್ನೇನೋ ಇರಬಹುದು, ಗುಳ್ಳೆ ನೋಡಿ ಯಾರು ಬಿಟ್ಟಿದ್ದು ಅಂತ ಹೇಳೋಕಾಗಲ್ಲ. ಒಳಗೆ ಏನೋ ಜೀವಂತವಾಗಿ ಬೆಳೀತಿದೆ ಅಂತ ಮಾತ್ರ ಗ್ಯಾರಂಟಿ, ಎಸಳಿನ ಪಿಎಚ್ 5.3 ಇರೋವಾಗ ಅದು ಯಾವುದು ಬೇಕಾದ್ರೂ ಆಗಬಹುದು. ಬೊಟುಲಿನಂ ವಿಷಕ್ಕೆ ವಾಸನೆ ಬರಲೇಬೇಕು, ರುಚಿ ಕೆಡಲೇಬೇಕು ಅಂತ ನಿಯಮ ಇಲ್ಲ, ಅದಕ್ಕೇ "ಸ್ವಲ್ಪ ನೆಕ್ಕಿ ನೋಡ್ತೀನಿ" ಅನ್ನೋದು ಇಲ್ಲಿ ಕೆಟ್ಟ ಐಡಿಯಾ. ಯಾರಾದ್ರೂ ಇಂಥದ್ದು ತಿಂದು ಒಂದೆರಡು ದಿನದಲ್ಲಿ ಕಣ್ಣಿಗೆ ಒಂದು ಎರಡಾಗಿ ಕಾಣೋದು, ರೆಪ್ಪೆ ಜೋಲೋದು, ನುಂಗೋಕೆ ಕಷ್ಟ, ಮಾತು ತೊದಲೋದು ಶುರುವಾದ್ರೆ ಕಾಯದೆ ಆಸ್ಪತ್ರೆಗೆ ಹೋಗಿ ಏನು ತಿಂದ್ರಿ ಅಂತನೂ ಹೇಳಬೇಕು.

ಚಿಕ್ಕ ಭರಣಿ ವಿಷಯ ಬೇಗ ಮುಗಿಸ್ತೀನಿ, ಆದ್ರೆ ಒಂದು ಅಂಶ ಬಿಡೋಕಾಗಲ್ಲ. ಅಕ್ಕ ಮೊದಲು ಬೂಷ್ಟು ಬಂದ ಮೇಲಿನ ಪದರ ತೆಗೆದು ಕೆಳಗಿಂದು ಉಳಿಸ್ಕೋಬೇಕು ಅಂತಿದ್ಲಂತೆ. ತಳದ ರಸ ಅಳೆದಾಗ 4.7 ಬಂತು, ಬೂಷ್ಟಿನ ತುಪ್ಪಟ ಸರಿಸಿ ಅದರ ಕೆಳಗೇ ಇದ್ದ ಹೋಳು ಅಳೆದ್ರೆ 5.6. ಒಂದೇ ಭರಣಿ, ಒಂದೇ ದಿನ ಹಾಕಿದ ನಿಂಬೆ ರಸ, ಆದ್ರೂ ಇಷ್ಟು ಫರಕು, ಯಾಕಂದ್ರೆ ಬೂಷ್ಟು ಹುಳಿನೇ ತಿಂದು ಬದುಕುತ್ತೆ. ಅದು ಎಲ್ಲಿ ಬೆಳೆಯುತ್ತೋ ಅಲ್ಲಿನ ಆಸಿಡ್ ಖಾಲಿ ಮಾಡ್ಕೊಂಡು ಹೋಗುತ್ತೆ, ಅದರ ಕೆಳಗಿನ ಜಾಗ ಬೇರೆ ಬ್ಯಾಕ್ಟೀರಿಯಾಗಳಿಗೆ ಹದವಾಗುತ್ತೆ. ಹಾಗಾಗಿ ಬೂಷ್ಟು ಕೆರೆದು ತೆಗೆದ್ರೆ ಹೋಗೋದು ಕಾಣೋ ಭಾಗ ಮಾತ್ರ. ಒದ್ದೆ ಚಮಚ ಹಾಕಬಾರದು ಅನ್ನೋದರ ಹಿಂದೆಯೂ ಇಂಥದ್ದೇ ಲೆಕ್ಕ ಇದೆ, ಚಮಚದ ನೀರು ಎಣ್ಣೆಗಿಂತ ಭಾರ, ಕೆಳಗಿಳಿದು ಹೋಳಿನ ಮೇಲೆ ಕೂತು ಅಷ್ಟು ಜಾಗದಲ್ಲಿ ಉಪ್ಪೂ ಹುಳಿಯೂ ತೆಳುವಾಗುತ್ತೆ. ಹಳೇ ಭರಣಿಯಷ್ಟು ಬಿಗಿ ಇದ್ರೆ ಒಂದು ಹನಿ ತಡ್ಕೊಳ್ಳುತ್ತೆ, ಅಂಚಲ್ಲೇ ನಿಂತಿರೋ ಭರಣಿ ತಡ್ಕೊಳ್ಳಲ್ಲ.

"ಹಾಗಾದ್ರೆ ಬಿಪಿ ಇರೋರು ಉಪ್ಪಿನಕಾಯಿ ಮರೆತುಬಿಡಬೇಕಾ" ಅಂತ ಅಕ್ಕ. ಇದು ನ್ಯಾಯವಾದ ಪ್ರಶ್ನೆ. ಉಪ್ಪು ಕಮ್ಮಿ ಮಾಡಬಹುದು, ಆದ್ರೆ ಅದರ ಪಾಳಿನ ಹುಳಿಗೆ ಕೊಡಬೇಕು, ಎಣ್ಣೆಗೆ ಅಲ್ಲ, ಮತ್ತೆ ಅದು ಫ್ರಿಜ್ಜಲ್ಲಿಡೋ ಉಪ್ಪಿನಕಾಯಿ ಅಂತ ಒಪ್ಕೋಬೇಕು. ಅವತ್ತೇ ಕೂತು ಹೊಸದಾಗಿ ಹಾಕಿದ್ವಿ. ತರಕಾರಿ ಅಷ್ಟೇ, 1 ಕೆಜಿ. ಉಪ್ಪು 60 ಗ್ರಾಂ, ತಕ್ಕಡಿಲಿ ತೂಗಿದ್ದು, ಯಾಕಂದ್ರೆ ಪುಡಿ ಉಪ್ಪು ಒಂದು ಚಮಚಕ್ಕೂ ಕಲ್ಲುಪ್ಪು ಒಂದು ಚಮಚಕ್ಕೂ ತೂಕ ಒಂದೇ ಇರಲ್ಲ. ನಿಂಬೆ ರಸ 200 ಎಂಎಲ್, ಇದನ್ನೂ ಅಳತೆ ಲೋಟದಲ್ಲೇ, "ಆರು ಹಣ್ಣು" ಅನ್ನೋ ಲೆಕ್ಕ ಬೇಡ, ಒಂದು ಹಣ್ಣು 20 ಎಂಎಲ್ ಕೊಟ್ರೆ ಇನ್ನೊಂದು 45 ಕೊಡುತ್ತೆ. ಬೆಳ್ಳುಳ್ಳಿ ಎಸಳು ಉದ್ದಕ್ಕೆ ಎರಡು ಸೀಳು, ಮೆಣಸಿನಕಾಯಿಗೂ ಸೀಳು, ಕ್ಯಾರೆಟ್ ತೆಳು ಬಿಲ್ಲೆ. ಬಾಡಿಸೋದು ಇಲ್ಲ, ಎಣ್ಣೆ ಹತ್ತಿರವೇ ಸುಳಿಯಂಗಿಲ್ಲ. ಹಸಿ ಹೋಳಿಗೆ ಉಪ್ಪು ಹುಳಿ ಕಲಸಿ ಗಾಜಿನ ಭರಣಿಗೆ ತುಂಬಿ, ಎಲ್ಲಾ ರಸದೊಳಗೆ ಮುಳುಗೋ ಹಾಗೆ ಒತ್ತಿ, ಫ್ರಿಜ್ಜಲ್ಲಿಟ್ಟು, ದಿನಕ್ಕೆರಡು ಸಲ ಒಣ ಸೌಟಲ್ಲಿ ಮೇಲೆ ಕೆಳಗೆ ಮಾಡೋದು.

ದಿನಾ ಒಂದು ಸೀಳು ಬೆಳ್ಳುಳ್ಳಿ ತೆಗೆದು ಜಜ್ಜಿ ಅಳೆದೆ. ಮೊದಲನೇ ದಿನ ಸಂಜೆ 5.0, ಎರಡನೇ ದಿನ 4.5, ನಾಲ್ಕನೇ ದಿನ 4.0. ರಸ ಅಷ್ಟೂ ದಿನ 3.6, 3.7 ಆಸುಪಾಸಲ್ಲೇ ಇತ್ತು. ಅಂದ್ರೆ ರಸ ನೋಡಿ ನಂಬಿದ್ರೆ ಮೊದಲನೇ ದಿನವೇ ಆಯ್ತು ಅನ್ಸುತ್ತೆ, ಎಸಳು ಹೇಳೋದು ಇನ್ನೂ ಮೂರು ದಿನ ತಾಳು ಅಂತ. 4.6 ಬಂದ ಕೂಡಲೇ ನಿಲ್ಲಿಸಲಿಲ್ಲ ಯಾಕೆ ಅಂದ್ರೆ ಎಲ್ಲಾ ಎಸಳೂ ಒಂದೇ ದಪ್ಪ ಇರಲ್ಲ, ಮನೆ ಮೀಟರಿಗೂ ಅದರದ್ದೇ ತಪ್ಪು ಇರುತ್ತೆ, ನನ್ನ ಪ್ರಕಾರ 4.2ರ ಕೆಳಗೆ ಬಂದ ಮೇಲೇ ಸಮಾಧಾನ. ಐದನೇ ದಿನ ಖಾರ, ಸಾಸಿವೆ ಪುಡಿ ಹಾಕಿ, ಎಣ್ಣೆ ಕಾಯಿಸಿ ಪೂರ್ತಿ ತಣ್ಣಗಾದ ಮೇಲೆ ಹೋಳು ಮುಚ್ಚೋಷ್ಟು ಸುರಿದ್ವಿ, ಒಂದು ಬೆರಳಿನಷ್ಟೂ ಇರ್ಲಿಲ್ಲ, ಬೂಷ್ಟು ತಡೆಯೋಕೆ ಅಷ್ಟು ಸಾಕು. ಇದು ಶೆಲ್ಫಲ್ಲಿ ಎಂಟು ತಿಂಗಳು ಇರೋ ಸರಕಲ್ಲ, ಇಲ್ಲಿ ಉಪ್ಪು ಶೇಕಡ 6ರ ಒಳಗೇ ಇದೆ, ಹುಳಿಗೆ ಬಗ್ಗದ ಯೀಸ್ಟುಗಳು ಹೊರಗಿಟ್ರೆ ಗುಳ್ಳೆ ಎಬ್ಬಿಸ್ತವೆ. ಫ್ರಿಜ್ಜಲ್ಲೇ ಇಟ್ಟು ಒಂದೆರಡು ತಿಂಗಳಲ್ಲಿ ಖಾಲಿ ಮಾಡಿ ಅಂದೆ. ಭಾವನಿಗೆ ಒಂದು ಚಮಚ ಮೇಲೆ ಇಲ್ಲ ಅಂತನೂ ಅಂದೆ, 60 ಗ್ರಾಂ ಅನ್ನೋದು 150ಕ್ಕಿಂತ ಕಮ್ಮಿ ಅಷ್ಟೇ, ಬಿಪಿ ಲೆಕ್ಕದಲ್ಲಿ ಕಮ್ಮಿ ಏನಲ್ಲ.

ಕೆಟ್ಟ ಎರಡೂ ಭರಣಿಯದ್ದನ್ನ ಎರಡು ಕವರಲ್ಲಿ ಕಟ್ಟಿ, ನಾಯಿ ಬೆಕ್ಕಿಗೆ ಸಿಗದ ಹಾಗೆ ಕಸಕ್ಕೆ ಹಾಕಿದ್ವಿ. ಆ ಎರಡು ಬೆರಳು ಎಣ್ಣೆನಾದ್ರೂ ಒಗ್ಗರಣೆಗೆ ಬಸ್ಕೊಳ್ಳಲಾ ಅಂತ ಅಕ್ಕ ಕೊನೆಗೊಂದು ಸಲ ಕೇಳಿದ್ಲು, ಬೇಡ ಅಂದೆ, ಅದರಲ್ಲಿ ಹೋಳಿನ ರಸದ ಸಣ್ಣ ಹನಿಗಳು ಸೇರಿಕೊಂಡೇ ಇರ್ತವೆ.

ಹೊಸದು ಹಾಕಿ ಒಂದು ವಾರಕ್ಕೆ ಮತ್ತೆ ಫೋನು. "ಬೆಳ್ಳುಳ್ಳಿ ನೀಲಿಗೆ ತಿರುಗಿದೆ ಕಣೇ, ಇದೂ ಹೋಯ್ತು!" ಫೋಟೋ ಕಳಿಸು ಅಂದೆ. ಸೀಳಿದ ಎಸಳು ನಡುವಿನವರೆಗೂ ತಿಳಿ ನೀಲಿ ಹಸಿರು, ಮೇಲೆ ತುಪ್ಪಟ ಇಲ್ಲ, ರಸ ತಿಳಿಯಾಗಿದೆ, ಮುಚ್ಚಳ ತೆಗೆದಾಗ ಸದ್ದೂ ಇಲ್ಲ. ಬೆಳ್ಳುಳ್ಳಿಲಿರೋ ಗಂಧಕದ ಅಂಶಗಳು ಹುಳಿ ಸಿಕ್ಕಾಗ ಅದರದ್ದೇ ಅಮೈನೋ ಆಸಿಡ್ ಜೊತೆ ಸೇರಿ ಮಾಡೋ ಬಣ್ಣ ಅದು, ಅಪಾಯ ಏನೂ ಇಲ್ಲ. ಬೂಷ್ಟಾಗಿದ್ರೆ ಮೇಲ್ಮೈ ಮೇಲೆ ಕೂದಲಿನ ಹಾಗೆ ಏಳುತ್ತೆ, ಒರೆಸಿದ್ರೆ ಕೈಗೆ ಬರುತ್ತೆ, ಇದು ಎಷ್ಟು ಒರೆಸಿದ್ರೂ ಹೋಗಲ್ಲ. ಒಂದು ಎಸಳು ಜಜ್ಜಿ ಅಳೆಯೋಕೆ ಕಳಿಸು ಅಂದಿದ್ದಕ್ಕೆ ಡಬ್ಬಿ ತುಂಬಾ ಕಳಿಸಿದ್ಲು, ನಡು ಎಸಳು 3.9 ಇತ್ತು, ಉಳಿದಿದ್ದನ್ನ ನಾನು ಅನ್ನಕ್ಕೆ ಕಲಸ್ಕೊಂಡು ತಿಂದೆ.